ಒಂದೂವರೆ ಡಿಗ್ರಿ ಮತ್ತು ಒಂದು ‘ತಕ್ಕದ್ದು’

2015ರ ಡಿಸೆಂಬರ್ 12, ಶನಿವಾರ. ಪ್ಯಾರಿಸ್ ಹೊರವಲಯದ ಲೆ ಬುರ್ಜೆಯಲ್ಲಿ ಎರಡು ವಾರಗಳ ಹವಾಮಾನ ಸಮ್ಮೇಳನ ಕೊನೆಯ ಹಂತಕ್ಕೆ ಬಂದಿತ್ತು. ಒಪ್ಪಂದದ ಅಂತಿಮ ಕರಡು ಮಧ್ಯಾಹ್ನ ಎಲ್ಲರ ಕೈಸೇರಿತು. ಅದನ್ನು ಸಾಲುಸಾಲಾಗಿ ಓದುತ್ತಿದ್ದ ಅಮೆರಿಕದ ನಿಯೋಗ 4ನೇ ವಿಧಿಯ 4ನೇ ಖಂಡದ ಹತ್ತಿರ ಗಕ್ಕನೆ ನಿಂತಿತು. ಮುಂದುವರಿದ ದೇಶಗಳು ತಮ್ಮ ಇಡೀ ಆರ್ಥಿಕತೆಯ ಹೊಗೆಯನ್ನು ಕಡಿಮೆ ಮಾಡುವಲ್ಲಿ ಮುಂದಾಳತ್ವ ವಹಿಸಬೇಕು ಎನ್ನುವ ವಾಕ್ಯವದು. ಅದರಲ್ಲಿ ‘ಶುಡ್’ ಇರುತ್ತದೆ ಎಂದು ಅವರು ಎಣಿಸಿದ್ದರು. ಅಲ್ಲಿದ್ದುದು ‘ಶಲ್’.

ಈ ಎರಡು ಇಂಗ್ಲಿಷ್ ಪದಗಳ ಅಂತರ ನಮಗೆ ಹೊಸದೇನಲ್ಲ. ಸರ್ಕಾರದ ಕಾಯ್ದೆ, ಸುತ್ತೋಲೆಗಳನ್ನು ಓದಿದವರಿಗೆ ‘ಸಲ್ಲಿಸತಕ್ಕದ್ದು’ ಎಂಬ ಮಾತಿನ ತೂಕ ಗೊತ್ತು. ‘ಸಲ್ಲಿಸಿದರೆ ಒಳ್ಳೆಯದು’ ಎಂದಿದ್ದರೆ ಆ ಕಾಗದವನ್ನು ಮಡಚಿ ಪಕ್ಕಕ್ಕಿಡಬಹುದು. ‘ತಕ್ಕದ್ದು’ ಎಂದಿದ್ದರೆ ಹಾಗೆ ಮಾಡಲಾಗದು. ಶಲ್ ಎಂದರೆ ತಕ್ಕದ್ದು. ಅದು ಹಾಗೆಯೇ ಉಳಿದಿದ್ದರೆ ಅಮೆರಿಕದ ಮೇಲೆ ಹೊಸದೊಂದು ಕಾನೂನು ಹೊಣೆ ಬೀಳುತ್ತಿತ್ತು. ಹೊಸ ಹೊಣೆ ಎಂದಮೇಲೆ ಅಲ್ಲಿನ ಸೆನೆಟ್ಟಿನ ಒಪ್ಪಿಗೆ ಬೇಕು, ಆ ಸೆನೆಟ್ ಒಪ್ಪುವುದಿಲ್ಲ ಎಂಬುದು ಸಭಾಂಗಣದಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ವಿದೇಶಾಂಗ ಕಾರ್ಯದರ್ಶಿ ಜಾನ್ ಕೆರ್ರಿ ಪದ ಬದಲಾಗಲೇಬೇಕೆಂದು ಪಟ್ಟು ಹಿಡಿದರು. ಸಂಜೆಯ ಸಭೆ ತಡವಾಯಿತು. ಕೊನೆಗೆ ಸಚಿವಾಲಯದ ಅಧಿಕಾರಿಯೊಬ್ಬರು ಅಚ್ಚಿನ ತಪ್ಪುಗಳ ಪಟ್ಟಿಯೊಂದನ್ನು ಓದಿದರು. ಅದರ ನಡುವೆ ‘ಶಲ್’ ಹೋಗಿ ‘ಶುಡ್’ ಬಂತು. ಅಧ್ಯಕ್ಷ ಲೋರಾಂ ಫಾಬಿಯುಸ್ ಸುತ್ತಿಗೆ ಬಡಿದರು. ಒಪ್ಪಂದ ಅಂಗೀಕಾರವಾಯಿತು.

ಪ್ಯಾರಿಸ್ ಒಪ್ಪಂದಕ್ಕೆ ಕಾನೂನಿನ ಹಲ್ಲುಗಳೇ ಇಲ್ಲ ಎನ್ನುವವರು ಈ ಪ್ರಸಂಗವನ್ನು ಸಾಕ್ಷಿಯಾಗಿ ಮುಂದಿಡುತ್ತಾರೆ. ಬಹಳ ಕಾಲ ನಾನೂ ಹಾಗೆಯೇ ನಂಬಿದ್ದೆ. ಆದರೆ ಒಂದು ಒಪ್ಪಂದದ ಬಲ ಒಂದು ಕ್ರಿಯಾಪದದಲ್ಲಿ ಮುಗಿಯುವುದಿಲ್ಲ. ಅಂದು ಸಡಿಲವಾಗಿದ್ದ ಹಲವು ಎಳೆಗಳನ್ನು ಹತ್ತು ವರ್ಷಗಳ ಬಳಿಕ, 2025ರ ಜುಲೈ 23ರಂದು, ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯ ಬಿಗಿಯಾಗಿ ಹೆಣೆಯಿತು. ಅದನ್ನು ತಿಳಿಯಲು ಎರಡು ಸಂಗತಿಗಳ ಬೆನ್ನು ಹಿಡಿಯಬೇಕು. ಒಂದು, ಹೊಣೆಯ ಪಾಲು. ಇನ್ನೊಂದು, ಒಂದೂವರೆ ಡಿಗ್ರಿ ಎಂಬ ಅಂಕಿ.

ಹೊಣೆಯ ಪಾಲಿನ ಮಾತು ಕಾನೂನಿಗೆ ಬಂದದ್ದು 1992ರಲ್ಲಿ. ರಿಯೊ ಡಿ ಜನೈರೊದಲ್ಲಿ ಸಹಿಗೆ ತೆರೆದುಕೊಂಡ ವಿಶ್ವಸಂಸ್ಥೆಯ ಹವಾಮಾನ ಒಡಂಬಡಿಕೆಯ 3ನೇ ವಿಧಿ ಅದನ್ನು ಬರೆದಿಟ್ಟಿತು: ಹೊಣೆ ಎಲ್ಲರದು, ಆದರೆ ಪಾಲು ಬೇರೆ ಬೇರೆ, ಅವರವರ ಶಕ್ತಿಗೆ ತಕ್ಕಂತೆ. ಊರ ಕೆರೆಯ ಹೂಳೆತ್ತುವಾಗ ಅಚ್ಚುಕಟ್ಟಿನಲ್ಲಿ ಹತ್ತು ಎಕರೆ ಇದ್ದವನೂ ಹತ್ತು ಗುಂಟೆ ಇದ್ದವನೂ ಒಂದೇ ಲೆಕ್ಕದಲ್ಲಿ ಆಳು ಕಳಿಸುವುದಿಲ್ಲವಲ್ಲ, ಅಂಥದೇ ನ್ಯಾಯ ಇದು. ಗಾಳಿಯಲ್ಲಿ ಇಂದು ಹೆಚ್ಚುವರಿಯಾಗಿ ನಿಂತಿರುವ ಇಂಗಾಲದ ಡೈಆಕ್ಸೈಡ್ ನಿನ್ನೆ ಮೊನ್ನೆಯದಲ್ಲ, ನೂರೈವತ್ತು ವರ್ಷಗಳ ಕಲ್ಲಿದ್ದಲು ಮತ್ತು ಎಣ್ಣೆಯ ಗಂಟು. ಪಳೆಯುಳಿಕೆ ಇಂಧನ ಸುಟ್ಟು ಸೇರಿಸಿದ ಆ ಗಂಟಿನಲ್ಲಿ ಸುಮಾರು ಕಾಲು ಭಾಗ ಅಮೆರಿಕ ಒಂದರದ್ದೇ. ಭಾರತದ್ದು ನೂರರಲ್ಲಿ ಮೂರು ನಾಲ್ಕು ಪಾಲು.

1992ರ ಒಡಂಬಡಿಕೆ ಈ ತತ್ತ್ವವನ್ನು ಪಟ್ಟಿಯಾಗಿ ಬರೆಯಿತು. ಮುಂದುವರಿದ ದೇಶಗಳ ಹೆಸರುಗಳು ಒಂದು ಅನುಬಂಧದಲ್ಲಿ, ಉಳಿದವರು ಅದರ ಹೊರಗೆ. 1997ರ ಕ್ಯೋಟೊ ಒಪ್ಪಂದ ಪಟ್ಟಿಯಲ್ಲಿದ್ದವರಿಗೆ ಮಾತ್ರ ಇಂತಿಷ್ಟು ಕಡಿತ ಎಂದು ನಿಗದಿ ಮಾಡಿತು. ಅಮೆರಿಕ ಅದನ್ನು ಅನುಮೋದಿಸಲಿಲ್ಲ, ಕೆನಡಾ ಅರ್ಧದಲ್ಲಿ ಹೊರನಡೆಯಿತು. ಆ ಪೆಟ್ಟು ತಿಂದಿದ್ದ ಪ್ಯಾರಿಸ್ ಸಭೆ ಬೇರೆ ದಾರಿ ಹಿಡಿಯಿತು. ಯಾರಿಗೂ ಯಾರೂ ಅಂಕಿ ಹಾಕಿಕೊಡುವುದಿಲ್ಲ. ಪ್ರತಿ ದೇಶವೂ ತನ್ನ ಗುರಿಯನ್ನು ತಾನೇ ಬರೆದು ಐದು ವರ್ಷಕ್ಕೊಮ್ಮೆ ಒಪ್ಪಿಸಬೇಕು. ಇದಕ್ಕೆ ರಾಷ್ಟ್ರೀಯವಾಗಿ ನಿರ್ಧರಿಸಿದ ಕೊಡುಗೆ, ಚುಟುಕಾಗಿ ಎನ್‌ಡಿಸಿ ಎಂದು ಹೆಸರು. ಪಾಲು ಬೇರೆ ಬೇರೆ ಎಂಬ ತತ್ತ್ವ ಉಳಿಯಿತು, ಆದರೆ ‘ಭಿನ್ನ ರಾಷ್ಟ್ರೀಯ ಸನ್ನಿವೇಶಗಳ ಬೆಳಕಿನಲ್ಲಿ’ ಎಂಬ ಬಾಲವೊಂದು ಅದಕ್ಕೆ ಅಂಟಿಕೊಂಡಿತು. ಆ ಬಾಲದ ಅರ್ಥವೇನೆಂದು ಅಂದು ಯಾರೂ ಬಿಡಿಸಿ ಹೇಳಲಿಲ್ಲ.

ಇನ್ನು ಅಂಕಿಯ ವಿಷಯ. ರಿಯೊ ಒಡಂಬಡಿಕೆಯಲ್ಲಿ ಅಂಕಿಯೇ ಇರಲಿಲ್ಲ, ಹವಾಮಾನಕ್ಕೆ ‘ಅಪಾಯಕಾರಿ’ ಹಸ್ತಕ್ಷೇಪ ತಡೆಯಬೇಕು ಎಂದಷ್ಟೇ ಇತ್ತು. ಎಷ್ಟು ಬಿಸಿಯಾದರೆ ಅಪಾಯ? 2010ರ ಕಾನ್ಕುನ್ ಸಭೆ ಎರಡು ಡಿಗ್ರಿ ಎಂದಿತು. ಆದರೆ ಸಮುದ್ರಮಟ್ಟದಿಂದ ಆಳೆತ್ತರವೂ ಇಲ್ಲದ ಹವಳದ ದ್ವೀಪಗಳಿಗೆ ಎರಡು ಡಿಗ್ರಿ ಎಂದರೆ ನೆಲೆ ಕಳೆದುಕೊಂಡಂತೆ. ಒಂದೂವರೆ ದಾಟಿದರೆ ನಾವಿಲ್ಲ ಎಂದು ಸಣ್ಣ ದ್ವೀಪರಾಷ್ಟ್ರಗಳ ಕೂಟ ಸಭೆಯಿಂದ ಸಭೆಗೆ ಕೂಗುತ್ತಲೇ ಬಂತು. ಪ್ಯಾರಿಸ್‌ನಲ್ಲಿ ರಾಜಿಯಾಯಿತು: ತಾಪಮಾನದ ಏರಿಕೆಯನ್ನು ಕೈಗಾರಿಕಾ ಕ್ರಾಂತಿಗೆ ಮುಂಚಿನ ಮಟ್ಟಕ್ಕಿಂತ ಎರಡು ಡಿಗ್ರಿಗೆ ‘ಸಾಕಷ್ಟು ಕೆಳಗೆ’ ಹಿಡಿಯುವುದು, ಒಂದೂವರೆಗೆ ನಿಲ್ಲಿಸಲು ‘ಪ್ರಯತ್ನಗಳನ್ನು ಮುಂದುವರಿಸುವುದು’. ಒಂದೇ ವಾಕ್ಯದಲ್ಲಿ ಎರಡು ಅಂಕಿ. ಇವುಗಳಲ್ಲಿ ಕಾನೂನಿನ ಗುರಿ ಯಾವುದು, ಬರೀ ಆಸೆ ಯಾವುದು ಎಂದು ಪಂಡಿತರು ವರ್ಷಗಟ್ಟಲೆ ವಾದಿಸಿದರು.

ಈ ವಾದ ನ್ಯಾಯಾಲಯಕ್ಕೆ ಹೋದದ್ದು ಒಂದು ತರಗತಿಯಿಂದ. ವನುವಾಟು ಸುಮಾರು 3 ಲಕ್ಷ ಜನರಿರುವ ಪೆಸಿಫಿಕ್ ದ್ವೀಪರಾಷ್ಟ್ರ. ಅದರ ರಾಜಧಾನಿ ಪೋರ್ಟ್ ವಿಲಾದಲ್ಲಿ ಕಾನೂನು ಓದುತ್ತಿದ್ದ 27 ವಿದ್ಯಾರ್ಥಿಗಳು 2019ರಲ್ಲಿ ತಮ್ಮ ಸರ್ಕಾರಗಳ ಬೆನ್ನು ಬಿದ್ದರು: ಹವಾಮಾನದ ವಿಷಯದಲ್ಲಿ ದೇಶಗಳ ಕಾನೂನು ಕರ್ತವ್ಯವೇನು, ಅದನ್ನು ಮುರಿದರೆ ಪರಿಣಾಮವೇನು ಎಂದು ವಿಶ್ವ ನ್ಯಾಯಾಲಯವನ್ನು ಕೇಳಿಸಿ. ವನುವಾಟು ಸರ್ಕಾರ ಕಿವಿಗೊಟ್ಟಿತು. 2023ರ ಮಾರ್ಚ್ 29ರಂದು ವಿಶ್ವಸಂಸ್ಥೆಯ ಮಹಾಸಭೆ ಆ ಪ್ರಶ್ನೆಗಳನ್ನು ಮತಕ್ಕೆ ಹಾಕದೆ, ಸರ್ವಸಮ್ಮತಿಯಿಂದ ನ್ಯಾಯಾಲಯಕ್ಕೆ ಕಳಿಸಿತು. 2024ರ ಡಿಸೆಂಬರ್‌ನಲ್ಲಿ 96 ದೇಶಗಳು ವಾದ ಮಂಡಿಸಿದವು.

ನ್ಯಾಯಾಲಯ ಅಂಕಿಯ ಗಂಟನ್ನು ಬಿಡಿಸಿದ ರೀತಿ ನೋಡಬೇಕು. ಒಪ್ಪಂದಗಳನ್ನು ಓದುವುದಕ್ಕೂ ಒಂದು ಒಪ್ಪಂದವಿದೆ, 1969ರ ವಿಯೆನ್ನಾ ಒಡಂಬಡಿಕೆ. ಒಪ್ಪಂದಕ್ಕೆ ಸಹಿ ಹಾಕಿದವರು ಆಮೇಲೆ ಕೂಡಿ ಅದರ ಅರ್ಥದ ಬಗ್ಗೆ ಒಮ್ಮತಕ್ಕೆ ಬಂದರೆ ಆ ಒಮ್ಮತವನ್ನೂ ಲೆಕ್ಕಕ್ಕೆ ಹಿಡಿಯಬೇಕು ಎನ್ನುತ್ತದೆ ಅದರ 31ನೇ ವಿಧಿ. ಪ್ಯಾರಿಸ್‌ನ ನಂತರ 2018ರಲ್ಲಿ ಐಪಿಸಿಸಿ ವಿಜ್ಞಾನಿಗಳು ಒಂದೂವರೆಗೂ ಎರಡಕ್ಕೂ ಇರುವ ಅಂತರವನ್ನು ತೋರಿಸಿದರು. ಒಂದೂವರೆಯಲ್ಲಿ ಹವಳದ ದಿಬ್ಬಗಳಲ್ಲಿ ನೂರಕ್ಕೆ 70ರಿಂದ 90 ನಾಶವಾಗುತ್ತವೆ, ಎರಡರಲ್ಲಿ ಹೆಚ್ಚುಕಡಿಮೆ ಎಲ್ಲವೂ. ಅದನ್ನು ಕಂಡ ದೇಶಗಳೇ 2021ರಲ್ಲಿ ಗ್ಲಾಸ್ಗೊದಲ್ಲಿ ಒಂದೂವರೆಗೆ ನಿಲ್ಲಿಸಲು ದೃಢಸಂಕಲ್ಪ ಮಾಡಿದವು, 2023ರಲ್ಲಿ ದುಬೈಯಲ್ಲಿ ಅದನ್ನೇ ಮತ್ತೆ ಹೇಳಿದವು. ಆ ನಿರ್ಣಯಗಳನ್ನು ನ್ಯಾಯಾಲಯ ನಂತರದ ಒಮ್ಮತವೆಂದು ಓದಿತು. ಹಾಗಾಗಿ ಪ್ಯಾರಿಸ್ ಒಪ್ಪಂದದಲ್ಲಿ ಎಲ್ಲರೂ ಒಪ್ಪಿದ ಪ್ರಧಾನ ತಾಪಮಾನ ಗುರಿ ಒಂದೂವರೆ ಡಿಗ್ರಿಯೇ ಎಂದು ಸಾರಿತು. ಸಮ್ಮೇಳನಗಳ ನಿರ್ಣಯ ಬರೀ ಕಾಗದ ಎಂದುಕೊಂಡು ಕೈಯೆತ್ತಿದವರಿಗೆ ಆ ಕೈಯೆತ್ತಿದ್ದೇ ಸಾಕ್ಷಿಯಾಯಿತು.

2024ರ ಇಸವಿಯೊಂದರಲ್ಲೇ ಭೂಮಿಯ ಸರಾಸರಿ ಒಂದೂವರೆ ಡಿಗ್ರಿ ದಾಟಿತಲ್ಲ, ಗುರಿ ಸತ್ತಹಾಗೆಯೇ ಅಲ್ಲವೇ ಎಂದು ಕೇಳುವವರಿದ್ದಾರೆ. ಒಪ್ಪಂದದ ಅಂಕಿ ಒಂದು ವರ್ಷದ್ದಲ್ಲ, ಸುಮಾರು 20 ವರ್ಷಗಳ ಸರಾಸರಿಯದು. ಆ ಸರಾಸರಿಯೂ ಗೆರೆಯ ಹತ್ತಿರ ಬರುತ್ತಿದೆ ಎಂಬುದು ನಿಜ. ಆದರೂ ಗೆರೆ ದಾಟಿದ ದಿನ ಕರ್ತವ್ಯ ಕರಗಿಹೋಗುವುದಿಲ್ಲ. ಕರ್ತವ್ಯವಿರುವುದು ಗೆರೆಗಾಗಿ ಏನು ಮಾಡಿದಿರಿ ಎಂಬುದರ ಮೇಲೆ.

ಈ ಮಾತನ್ನು ಸ್ವಲ್ಪ ಬಿಡಿಸಬೇಕು. ಕಾನೂನಿನಲ್ಲಿ ಎರಡು ಬಗೆಯ ಹೊಣೆಗಳಿವೆ. ಒಂದು ಫಲದ ಹೊಣೆ: ಆಗಬೇಕಾದದ್ದು ಆಗಲೇಬೇಕು. ಇನ್ನೊಂದು ನಡತೆಯ ಹೊಣೆ. ರೋಗಿಯನ್ನು ಉಳಿಸಿಯೇ ತೀರುತ್ತೇನೆಂದು ವೈದ್ಯರು ಬರೆದುಕೊಡುವುದಿಲ್ಲ, ಆದರೆ ತಿಳಿದವರು ಮಾಡಬೇಕಾದ ಚಿಕಿತ್ಸೆಯನ್ನು ಮಾಡದಿದ್ದರೆ ತಪ್ಪಿತಸ್ಥರಾಗುತ್ತಾರೆ. ಎನ್‌ಡಿಸಿಯನ್ನು ಹೊತ್ತಿಗೆ ಸರಿಯಾಗಿ ಸಲ್ಲಿಸುವುದು, ಲೆಕ್ಕ ಒಪ್ಪಿಸುವುದು ಮೊದಲ ಬಗೆ. ಇಲ್ಲಿ ತಪ್ಪು ಕಂಡುಹಿಡಿಯುವುದು ಸುಲಭ, ತಾರೀಖು ನೋಡಿದರೆ ಸಾಕು. ಎನ್‌ಡಿಸಿಯಲ್ಲಿ ಬರೆದ ಗುರಿಯನ್ನು ಮುಟ್ಟುವುದು ಎರಡನೆಯ ಬಗೆ. ಮುಟ್ಟದಿದ್ದರೆ ಅದೊಂದೇ ಕಾರಣಕ್ಕೆ ಕಾನೂನು ಮುರಿದಂತಾಗದು. ಮುಟ್ಟಲು ತಕ್ಕ ಮುತುವರ್ಜಿ ವಹಿಸಿದ್ದೀರಾ ಎಂಬುದು ಪ್ರಶ್ನೆ. ಆ ಮುತುವರ್ಜಿಯ ಅಳತೆಗೋಲು ಕಟ್ಟುನಿಟ್ಟಿನದು ಎಂದಿತು ನ್ಯಾಯಾಲಯ. ಅಷ್ಟಕ್ಕೇ ನಿಲ್ಲದೆ, ಗುರಿಯನ್ನು ಬರೆಯುವಾಗಲೂ ದೇಶಗಳಿಗೆ ಮನಸೋ ಇಚ್ಛೆಯ ಸ್ವಾತಂತ್ರ್ಯವಿಲ್ಲ ಎಂದೂ ಹೇಳಿತು. ಪ್ರತಿ ಎನ್‌ಡಿಸಿ ಹಿಂದಿನದಕ್ಕಿಂತ ಮುಂದಿರಬೇಕು, ಎಲ್ಲರವೂ ಸೇರಿದಾಗ ಒಂದೂವರೆಯ ಗುರಿ ಸಾಧ್ಯವಾಗುವಂತಿರಬೇಕು. ಅಂದರೆ ಸುಲಭದ ಗುರಿ ಬರೆದು ಅದನ್ನು ಮುಟ್ಟಿ ಬೀಗುವ ದೇಶವೂ ಕಾನೂನು ಮುರಿದಿರಬಹುದು.

ನಮ್ಮ ದೇಶದ ಎನ್‌ಡಿಸಿಯನ್ನೇ ನೋಡೋಣ. 2015ರಲ್ಲಿ ಭಾರತ ತನ್ನ ಉತ್ಪನ್ನದ ಪ್ರತಿ ರೂಪಾಯಿಗೆ ಬೀಳುವ ಹೊಗೆಯನ್ನು 2005ಕ್ಕೆ ಹೋಲಿಸಿ 2030ರೊಳಗೆ ಶೇ 33ರಿಂದ 35ರಷ್ಟು ಇಳಿಸುತ್ತೇನೆಂದಿತ್ತು. 2022ರಲ್ಲಿ ಅದನ್ನು ಶೇ 45ಕ್ಕೆ ಏರಿಸಿತು. ಹಿಂದಿನದಕ್ಕಿಂತ ಮುಂದು ಎಂಬ ಪರೀಕ್ಷೆಯಲ್ಲಿ ಪಾಸು. ಆದರೆ ಈ ಲೆಕ್ಕದ ಒಳಗುಟ್ಟನ್ನು ತಿಳಿಯಬೇಕು. 2005ರಲ್ಲಿ ಉತ್ಪನ್ನ 100, ಹೊಗೆ 100 ಎಂದಿಟ್ಟುಕೊಳ್ಳಿ. 2030ಕ್ಕೆ ಉತ್ಪನ್ನ ನಾಲ್ಕು ಪಟ್ಟಾಯಿತೆಂದು ಭಾವಿಸಿ. ಪ್ರತಿ ರೂಪಾಯಿಯ ಹೊಗೆ ಶೇ 45 ಇಳಿದರೂ ಒಟ್ಟು ಹೊಗೆ 220 ಆಗುತ್ತದೆ, ಇಮ್ಮಡಿಗಿಂತ ಹೆಚ್ಚು. ಜರ್ಮನಿ ಇಂಥ ಗುರಿ ಬರೆದರೆ ನಗೆಪಾಟಲು, ಭಾರತ ಬರೆದರೆ ನ್ಯಾಯ. ಪಾಲು ಬೇರೆ ಬೇರೆ ಎಂದರೆ ಇದೇ. ಇನ್ನೊಂದು ಗುರಿ, ವಿದ್ಯುತ್ ಸ್ಥಾವರಗಳ ಒಟ್ಟು ಸಾಮರ್ಥ್ಯದಲ್ಲಿ ಅರ್ಧ ಪಳೆಯುಳಿಕೆಯೇತರ ಮೂಲಗಳಿಂದ ಎಂಬುದು, ಐದು ವರ್ಷ ಮುಂಚೆಯೇ, 2025ರಲ್ಲಿ ಈಡೇರಿತೆಂದು ಸರ್ಕಾರ ಪ್ರಕಟಿಸಿತು. ನಮ್ಮ ಪಾವಗಡದ ಸೌರ ಪಾರ್ಕೂ ಆ ಲೆಕ್ಕದಲ್ಲಿದೆ. ಇಲ್ಲಿ ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ಸೌರಫಲಕ ರಾತ್ರಿ ಮಲಗುತ್ತದೆ, ಕಲ್ಲಿದ್ದಲು ಸ್ಥಾವರ ರಾತ್ರಿಯೂ ಓಡುತ್ತದೆ. ಹಾಗಾಗಿ ನಮ್ಮ ಮನೆಗೆ ಬರುವ ಕರೆಂಟಿನ ದೊಡ್ಡ ಪಾಲು ಇನ್ನೂ ಕಲ್ಲಿದ್ದಲಿನದೇ. ಯಾವುದೇ ಎನ್‌ಡಿಸಿಯನ್ನು ಓದುವಾಗ ಮೊದಲು ಕೇಳಬೇಕಾದ್ದು, ಇದು ಯಾವುದರ ಶೇಕಡಾ ಎಂದು.

ಡಿಗ್ರಿ ಎಂಬುದು ಇಡೀ ಭೂಮಿಯ ಅಂಕಿ. ಅದನ್ನು ಒಂದು ದೇಶದ ಪಾಲಿಗೆ ಇಳಿಸುವುದು ಹೇಗೆ? ನೆದರ್ಲೆಂಡ್ಸ್‌ನಲ್ಲಿ ನ್ಯಾಯಾಲಯವೇ ಇದನ್ನು ಮಾಡಿ ತೋರಿಸಿದೆ. ಅರ್ಜೆಂಡಾ ಎಂಬ ಸಂಸ್ಥೆ ಸುಮಾರು 900 ನಾಗರಿಕರ ಜೊತೆಗೂಡಿ ಡಚ್ ಸರ್ಕಾರದ ಮೇಲೆ ದಾವೆ ಹೂಡಿತು. 2020ರ ಹೊತ್ತಿಗೆ 1990ಕ್ಕಿಂತ ಶೇ 30ರಷ್ಟು ಹೊಗೆ ಇಳಿಸುವ ಗುರಿ ಇಟ್ಟುಕೊಂಡಿದ್ದ ಸರ್ಕಾರ ಅದನ್ನು ಶೇ 20ಕ್ಕೆ ಇಳಿಸಿಕೊಂಡಿತ್ತು. ಅರ್ಜಿದಾರರು ಎತ್ತಿ ತೋರಿಸಿದ್ದು 2007ರ ಐಪಿಸಿಸಿ ವರದಿಯ ಒಂದು ಪುಟ್ಟ ಕೋಷ್ಟಕವನ್ನು. ಬಿಸಿ ಸುಮಾರು ಎರಡು ಡಿಗ್ರಿ ಮೀರದಿರಬೇಕಾದರೆ 1992ರ ಪಟ್ಟಿಯಲ್ಲಿರುವ ಮುಂದುವರಿದ ದೇಶಗಳು ಒಟ್ಟಾಗಿ 2020ರೊಳಗೆ ಶೇ 25ರಿಂದ 40 ಇಳಿಸಬೇಕು ಎಂದಿತ್ತು ಅದರಲ್ಲಿ. ಅಭಿವೃದ್ಧಿಶೀಲ ಪ್ರದೇಶಗಳಿಗೆ ಇಂಥ ಶೇಕಡಾ ಇರಲಿಲ್ಲ, ಕೆಲವು ಪ್ರದೇಶಗಳು ಹೋಗುತ್ತಿರುವ ಜಾಡಿಗಿಂತ ಗಣನೀಯವಾಗಿ ಕೆಳಗಿಳಿಯಬೇಕು ಎಂದಷ್ಟೇ ಇತ್ತು. ತಾಪಮಾನದ ಗುರಿ ಮತ್ತು ಹೊಣೆಯ ಪಾಲು, ಎರಡೂ ಆ ಒಂದೇ ಕೋಷ್ಟಕದಲ್ಲಿ ಕೂಡಿದ್ದವು.

ನಮ್ಮದು ಸಣ್ಣ ದೇಶ, ಜಗತ್ತಿನ ಹೊಗೆಯಲ್ಲಿ ನೂರಕ್ಕೆ ಅರ್ಧ ಪಾಲೂ ಇಲ್ಲ, ನಾವು ನಿಲ್ಲಿಸಿದರೆ ಏನಾದೀತು ಎಂದು ಸರ್ಕಾರ ವಾದಿಸಿತು. ಎಲ್ಲರೂ ಹೀಗೇ ಅಂದರೆ ಯಾರೂ ಹೊಣೆಯಾಗುವುದಿಲ್ಲ, ಪ್ರತಿಯೊಬ್ಬರೂ ತಮ್ಮ ಪಾಲಿಗೆ ಉತ್ತರ ಕೊಡಲೇಬೇಕು ಎಂಬುದು ನ್ಯಾಯಾಲಯದ ನಿಲುವಾಯಿತು. 2019ರ ಡಿಸೆಂಬರ್ 20ರಂದು ಅಲ್ಲಿನ ಸುಪ್ರೀಂ ಕೋರ್ಟ್, ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಯ ಆಧಾರದ ಮೇಲೆ, ಆ ಕೋಷ್ಟಕದ ಕೆಳತುದಿಯಾದ ಶೇ 25ನ್ನು ಸರ್ಕಾರಕ್ಕೆ ಕಡ್ಡಾಯ ಮಾಡಿತು. ಆಮ್‌ಸ್ಟರ್‌ಡ್ಯಾಮ್‌ನ ಹೆಮ್‌ವೆಗ್ ಕಲ್ಲಿದ್ದಲು ಸ್ಥಾವರ ಆ ತಿಂಗಳೇ ಮುಚ್ಚಿತು. 2020ರಲ್ಲಿ ದೇಶ ಶೇ 25ನ್ನು ಮುಟ್ಟಿತು. ಕೋವಿಡ್‌ನಿಂದ ಆರ್ಥಿಕತೆ ಮಲಗಿದ್ದೂ ಅದಕ್ಕೆ ಒದಗಿಬಂತು ಎಂಬುದನ್ನು ಮರೆಯಬಾರದು.

ಈಗ ಹೇಗ್‌ಗೆ ಮರಳೋಣ, ಏಕೆಂದರೆ ಅಲ್ಲಿ ಭಾರತ ಹೇಳಿದ್ದು ನನ್ನನ್ನು ಕಾಡುತ್ತಲೇ ಇದೆ. 2024ರ ಡಿಸೆಂಬರ್ 5ರಂದು ನಮ್ಮ ನಿಯೋಗ ವಾದಿಸಿತು. ಇಂಗಾಲದ ಜಾಗವನ್ನು ಶ್ರೀಮಂತ ದೇಶಗಳು ಕಬಳಿಸಿವೆ, ನ್ಯಾಯದ ಪಾಲಿನ ಲೆಕ್ಕವಿಲ್ಲದೆ ಹೊಣೆಯ ಮಾತಿಲ್ಲ ಎಂದದ್ದು ಅಕ್ಷರಶಃ ಸರಿ. ಜೊತೆಗೆ ಇನ್ನೊಂದು ಮಾತನ್ನೂ ಹೇಳಿತು: ಈಗಿರುವ ಹವಾಮಾನ ಒಪ್ಪಂದಗಳಾಚೆ ಹೊಸ ಹೊಣೆಗಳನ್ನು ನ್ಯಾಯಾಲಯ ಸೃಷ್ಟಿಸಬಾರದು. ಒಪ್ಪಂದಗಳೇ ಸಾಕು, ಅವುಗಳ ಹೊರಗಿನ ಕಾನೂನನ್ನು ಎಳೆದು ತರಬೇಡಿ ಎಂದು ಅಮೆರಿಕ, ಸೌದಿ ಅರೇಬಿಯಾಗಳೂ ಹೇಳುತ್ತಿದ್ದವು. ಭಾರತದ ಭಯ ಅರ್ಥವಾಗದ್ದಲ್ಲ. ಒಪ್ಪಂದಗಳಲ್ಲಿ ಪಾಲು ಬೇರೆ ಎಂದು ಬರೆದಿದೆ. ಹೊರಗಿನ ರೂಢಿಗತ ಕಾನೂನು, ಅಂದರೆ ಒಂದು ದೇಶ ಇನ್ನೊಂದಕ್ಕೆ ಗಣನೀಯ ಹಾನಿ ಮಾಡಬಾರದೆಂಬ ಹಳೆಯ ನಿಯಮ, ಎಲ್ಲರನ್ನೂ ಒಂದೇ ಕೋಲಿನಿಂದ ಅಳೆದರೆ?

ನ್ಯಾಯಾಲಯ ಆ ಹಳೆಯ ನಿಯಮ ಹವಾಮಾನಕ್ಕೂ ಅನ್ವಯಿಸುತ್ತದೆ ಎಂದೇ ಹೇಳಿತು. ಭಾರತದ ದಲವೀರ್ ಭಂಡಾರಿಯವರೂ ಇದ್ದ ಪೀಠ ಒಮ್ಮತದಿಂದ ಹೇಳಿತು. ಆದರೆ ಕೋಲು ಒಂದೇ ಆಗಲಿಲ್ಲ. ಮುತುವರ್ಜಿಯ ಅಳತೆ ದೇಶದ ಶಕ್ತಿಗೆ ತಕ್ಕಂತೆ ಬದಲಾಗುತ್ತದೆ, ಪಾಲು ಬೇರೆ ಬೇರೆ ಎಂಬ ತತ್ತ್ವ ಆ ಅಳತೆಯೊಳಗೇ ಇದೆ ಎಂದು ಅದು ವಿವರಿಸಿತು. ಭಾರತ ಮೂವತ್ತು ವರ್ಷ ಸಭೆಗಳಲ್ಲಿ ಹೇಳುತ್ತ ಬಂದ ಮಾತಿಗೆ ಇದರಿಂದ ಒಪ್ಪಂದದ ಹೊರಗೂ ನೆಲೆ ಸಿಕ್ಕಿತು. ಒಪ್ಪಂದದಿಂದ ಯಾರಾದರೂ ಹೊರನಡೆಯಬಹುದು. 2025ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷರು ಪ್ಯಾರಿಸ್‌ನಿಂದ ಹೊರಬರುವ ಆದೇಶಕ್ಕೆ ಸಹಿ ಹಾಕಿದರು. ರೂಢಿಗತ ಕಾನೂನಿನಿಂದ ಹಾಗೆ ಎದ್ದು ಹೋಗಲು ಬಾಗಿಲಿಲ್ಲ. ನಮ್ಮ ವಾದವನ್ನು ಕೇಳಿದ್ದರೆ ಆ ಬಾಗಿಲು ತೆರೆದೇ ಇರುತ್ತಿತ್ತು, ಹೋದವರನ್ನು ನಾವು ಯಾವ ಕಾನೂನಿನಲ್ಲೂ ಕೇಳುವ ಹಾಗಿರುತ್ತಿರಲಿಲ್ಲ.

ಪ್ಯಾರಿಸ್‌ನಲ್ಲಿ ಅಂಟಿಕೊಂಡ ಬಾಲಕ್ಕೂ ಅರ್ಥ ಬಂತು. ಮುಂದುವರಿದ ದೇಶ, ಅಭಿವೃದ್ಧಿಶೀಲ ದೇಶ ಎಂಬ ಗುರುತು ಸ್ಥಿರವಲ್ಲ, ಇಂದಿನ ಸ್ಥಿತಿಗತಿ ನೋಡಬೇಕು ಎಂದಿತು ನ್ಯಾಯಾಲಯ. 1992ರ ಪಟ್ಟಿಯ ಹೊರಗಿದ್ದೇವೆ ಎಂಬ ಮಾತು ಚೀನಾಕ್ಕೋ ಕೊಲ್ಲಿಯ ಎಣ್ಣೆ ದೇಶಗಳಿಗೋ ಎಂದೆಂದಿಗೂ ಕೊಡೆಯಾಗದು. ಭಾರತಕ್ಕೂ ಅಷ್ಟೇ, ತಲಾ ಹೊಗೆ ಜಗತ್ತಿನ ಸರಾಸರಿಯ ಅರ್ಧಕ್ಕಿಂತ ಕೆಳಗಿರುವ ಇವತ್ತಿಗೆ ನಮ್ಮ ಪಾಲು ಸಣ್ಣದು ಎನ್ನುವುದಕ್ಕೆ ಬೇಕಾದಷ್ಟು ಆಧಾರವಿದ್ದರೂ.

ಈ ಅಭಿಪ್ರಾಯದ ಮಿತಿಗಳೂ ಇವೆ. ಇದು ಸಲಹೆ, ಯಾರ ಮೇಲೂ ಹೊರಡಿಸಿದ ಡಿಕ್ರಿಯಲ್ಲ. ಆದರೆ ಅದು ವಿವರಿಸಿದ ಕಾನೂನು ಈಗಾಗಲೇ ಬದ್ಧಗೊಳಿಸುವ ಕಾನೂನು. ಪಳೆಯುಳಿಕೆ ಇಂಧನ ತೆಗೆಯಲು ಪರವಾನಗಿ, ಸಬ್ಸಿಡಿ ಕೊಡುವುದೂ ಕರ್ತವ್ಯಭಂಗವಾಗಬಹುದು, ಹಾನಿಯಾದವರಿಗೆ ಪರಿಹಾರ ಕೊಡಬೇಕಾಗಬಹುದು ಎಂದು ಅದು ಹೇಳಿದ್ದು ದೊಡ್ಡ ಹೆಜ್ಜೆ. ಆದರೆ ಪರಿಹಾರ ಕೇಳುವ ದೇಶ, ಆ ತಪ್ಪಿಗೂ ತನ್ನ ನಷ್ಟಕ್ಕೂ ಸಾಕಷ್ಟು ನೇರವಾದ, ಖಚಿತವಾದ ಕೊಂಡಿ ತೋರಿಸಬೇಕು. ಒಂದು ಚಂಡಮಾರುತವನ್ನು ಬಿಸಿಯಾದ ಸಮುದ್ರ ಎಷ್ಟು ಬಲಪಡಿಸಿತೆಂದು ವಿಜ್ಞಾನಿಗಳು ಈಗ ಲೆಕ್ಕ ಹಾಕಬಲ್ಲರು. ಅದರಲ್ಲಿ ಯಾವ ದೇಶದ ಯಾವ ಲೋಪದ ಪಾಲು ಎಷ್ಟು ಎಂಬುದು ಪ್ರಕರಣದಿಂದ ಪ್ರಕರಣಕ್ಕೆ ಹೋರಾಡಿ ಸಾಬೀತು ಮಾಡಬೇಕಾದದ್ದು. ದಾವೆ ಹೂಡಬೇಕಾದರೆ ಎದುರು ದೇಶ ಆ ನ್ಯಾಯಾಲಯದ ಅಧಿಕಾರವನ್ನು ಒಪ್ಪಿರಲೂ ಬೇಕು.

ನನಗೆ ಇದಕ್ಕಿಂತ ಹತ್ತಿರದ ದಾರಿಯಾಗಿ ಕಾಣುವುದು ಹಣದ ವಿಷಯ. ಲೆ ಬುರ್ಜೆಯಲ್ಲಿ ಒಂದು ‘ಶಲ್’ ಅಳಿಸಿದವರು 9ನೇ ವಿಧಿಯ ಮೊದಲ ಸಾಲಿನಲ್ಲಿದ್ದ ಇನ್ನೊಂದನ್ನು ಹಾಗೆಯೇ ಬಿಟ್ಟರು, ಅದು 1992ರಿಂದಲೂ ಇದ್ದ ಹೊಣೆಯ ಮುಂದುವರಿಕೆ ಎಂಬ ಕಾರಣಕ್ಕೆ. ಮುಂದುವರಿದ ದೇಶಗಳು ಅಭಿವೃದ್ಧಿಶೀಲ ದೇಶಗಳಿಗೆ ಹಣಕಾಸು ನೆರವು ಒದಗಿಸತಕ್ಕದ್ದು. ಎಷ್ಟು ಎಂದು ಅಲ್ಲಿ ಬರೆದಿಲ್ಲ. 2024ರ ನವೆಂಬರ್‌ನಲ್ಲಿ ಬಾಕು ಸಮ್ಮೇಳನ 2035ರ ಹೊತ್ತಿಗೆ ವರ್ಷಕ್ಕೆ 300 ಶತಕೋಟಿ ಡಾಲರ್ ಎಂದು ಗುರಿ ಬರೆಯಿತು. ಮುಂದುವರಿದ ದೇಶಗಳು ‘ಮುಂದಾಳತ್ವ ವಹಿಸಿ’ ಎಂದಿತೇ ಹೊರತು ಯಾವ ದೇಶ ಎಷ್ಟು ಎಂದು ಹೇಳಲಿಲ್ಲ. ಸುತ್ತಿಗೆ ಬಿದ್ದ ಕೂಡಲೇ ಭಾರತದ ಪ್ರತಿನಿಧಿ ಚಾಂದನಿ ರೈನಾ ಎದ್ದು ನಿಂತು ಇದನ್ನು ಒಪ್ಪುವುದಿಲ್ಲ ಎಂದರು. ಎಂಟು ತಿಂಗಳ ನಂತರ ಹೇಗ್‌ನ ನ್ಯಾಯಾಧೀಶರು ಆ ಹಳೆಯ ‘ತಕ್ಕದ್ದು’ವಿಗೆ ಒಂದು ಅಳತೆ ಕೊಟ್ಟರು: ಮೊತ್ತ ಬರೆದಿಲ್ಲದಿದ್ದರೂ, ಪ್ಯಾರಿಸ್ ಒಪ್ಪಂದದ 2ನೇ ವಿಧಿಯ ಗುರಿಗಳು ಸಾಧ್ಯವಾಗುವ ಮಟ್ಟದಲ್ಲಿ ಆ ನೆರವು ಇರಬೇಕು. 2ನೇ ವಿಧಿಯಲ್ಲಿರುವುದು ಒಂದೂವರೆ ಡಿಗ್ರಿ. ಬಾಕುವಿನಲ್ಲಿ ಭಾರತ ಕೈಯಲ್ಲಿ ಕಾನೂನಿಲ್ಲದೆ ಕೇಳಿದ ಪ್ರಶ್ನೆಯನ್ನು ಈಗ ಕಾನೂನು ಹಿಡಿದುಕೊಂಡು ಕೇಳಬಹುದು: 300 ಶತಕೋಟಿ ಒಂದೂವರೆ ಡಿಗ್ರಿಗೆ ಸಾಕೇ?